ಬಾಗಿಲಿಗೆ ಇಲಿಯಡ್ ಎಂದು ಹೆಸರಿಟ್ಟವರು

ಹೋಮರನ ಇಲಿಯಡ್ 24 ಸರ್ಗಗಳ ಕಾವ್ಯ. ಟ್ರಾಯ್ ಯುದ್ಧ ನಡೆದದ್ದು ಹತ್ತು ವರ್ಷ. ಅದರ ಕೊನೆಯ ವರ್ಷದ ಕೆಲವು ವಾರಗಳನ್ನು ಹೇಳುವುದಕ್ಕೇ ಕವಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳು ಬೇಕಾದವು. ಅಮೆರಿಕದ ಅಮೆಜಾನ್ ಕಂಪನಿಯ ಒಳಗೆ, ಪ್ರೈಮ್ ಎಂಬ ಚಂದಾವನ್ನು ನಿಲ್ಲಿಸಲು ಗ್ರಾಹಕರು ದಾಟಬೇಕಾದ ಪುಟಗಳಿಗೆ ಇದೇ ಕಾವ್ಯದ ಹೆಸರಿತ್ತು. ವ್ಯಾಪಾರದಲ್ಲಿ ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಈ ಹೆಸರು ದಾಖಲಾಗಿದೆ. ಹೆಸರಿಟ್ಟವರು ಓದಿಕೊಂಡವರು, ಅದರಲ್ಲಿ ಅನುಮಾನವಿಲ್ಲ. ನಮ್ಮವರಾಗಿದ್ದರೆ ಚಕ್ರವ್ಯೂಹ ಎನ್ನುತ್ತಿದ್ದರೇನೋ. ಒಳಗೆ ಹೋಗುವುದು ಅಭಿಮನ್ಯುವಿಗೆ ಗೊತ್ತಿತ್ತು, ಹೊರಗೆ ಬರುವುದು ಗೊತ್ತಿರಲಿಲ್ಲ.

ಕಾದಂಬರಿ, ಕವಿತೆಗಳನ್ನು ವಿಮರ್ಶಿಸುವವರು ಇಂಥ ಪುಟಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಇವೂ ಯಾರೋ ಕುಳಿತು ಬರೆದ ಪುಟಗಳೇ. ಒಂದೊಂದು ಪದವನ್ನೂ ಆರಿಸಿದ್ದಾರೆ, ಒಂದೊಂದು ಗುಂಡಿಯ ಜಾಗವನ್ನೂ ಅಳೆದಿದ್ದಾರೆ. ಒಂದು ಒಳ್ಳೆಯ ಕಥಾಸಂಕಲನವನ್ನು ಓದುವವರಿಗಿಂತ ಸಾವಿರ ಪಟ್ಟು ಜನ ಇವನ್ನು ಓದುತ್ತಾರೆ, ಅದೂ ಅವಸರದಲ್ಲಿ, ಒಲೆಯ ಮೇಲೆ ಹಾಲಿಟ್ಟುಕೊಂಡು. ಹಾಗಾಗಿ ಇವನ್ನು ಒಂದು ಕೃತಿ ಎಂದೇ ಹಿಡಿದು ಓದೋಣ ಅನ್ನಿಸಿತು.

ಕಮಿಷನ್ನಿನ ದೂರಿನಲ್ಲಿ ಇದರ ವಿವರ ಹಂತ ಹಂತವಾಗಿ ಇದೆ. ಸೇರುವುದಾದರೆ ಒಂದೆರಡು ಸಲ ಒತ್ತಿದರೆ ಸಾಕಿತ್ತು. ಬಿಡುವುದಾದರೆ ನಾಲ್ಕು ಪುಟ, ಆರು ಒತ್ತು, ಹದಿನೈದು ಆಯ್ಕೆ. ಮೊದಲು ಬಾಗಿಲು ಎಲ್ಲಿದೆ ಎಂದು ಹುಡುಕಬೇಕು. ಹುಡುಕಿ "End Membership" ಎಂಬ ಗುಂಡಿಯನ್ನು ಒತ್ತಿದರೆ ಸದಸ್ಯತ್ವ ಕೊನೆಯಾಗುತ್ತಿರಲಿಲ್ಲ, ಇಲಿಯಡ್ ಶುರುವಾಗುತ್ತಿತ್ತು. ಮುಗಿಸು ಎಂದು ಬರೆದ ಗುಂಡಿ ಮುಗಿಸುವುದಿಲ್ಲ! ಈ ಕೃತಿಯ ಮೊದಲ ಸುಳ್ಳು ಅದರ ಮೊದಲ ಮಾತಿನಲ್ಲೇ ಇದೆ.

ಮೊದಲ ಪುಟದಲ್ಲಿ, ನೀವು ನಮ್ಮೊಡನೆ ಸಾಗಿ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿ ಎಂಬ ಕರೆ. ಬಳಸಿದ ಸೌಲಭ್ಯಗಳ ಪಟ್ಟಿ, ಜೊತೆಗೆ ಸಿನಿಮಾ, ಸಂಗೀತಗಳ ಜಾಹೀರಾತು. ಅದರ ಕೆಳಗೆ ಆಮೇಲೆ ನೆನಪಿಸು, ರದ್ದುಗೊಳಿಸಲು ಮುಂದುವರಿ, ನನ್ನ ಸದಸ್ಯತ್ವ ಉಳಿಸು ಎಂಬರ್ಥದ ಗುಂಡಿಗಳು. ಇವುಗಳಲ್ಲಿ ಯಾವುದೂ ರದ್ದು ಮಾಡುವುದಿಲ್ಲ. ಉಳಿಸು ಎಂದರೂ ನೆನಪಿಸು ಎಂದರೂ ಗ್ರಾಹಕಳು ದಾರಿಯಿಂದ ಆಚೆಗೆ, ಚಂದಾ ಹಾಗೆಯೇ ಮುಂದಕ್ಕೆ. ಎರಡನೆಯ ಪುಟದಲ್ಲಿ ಕಟ್ಟುವ ಅವಧಿಯನ್ನು ಬದಲಾಯಿಸುತ್ತೀರಾ, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ ಎಂಬ ಚೌಕಾಸಿ. ಅದನ್ನೂ ದಾಟಿದ ಮೇಲೆ, ಸದ್ಯಕ್ಕೆ ತಡೆಹಿಡಿ ಎಂಬ ಆಯ್ಕೆಯ ಜೊತೆಯಲ್ಲಿ, ನಿಜವಾಗಿ ಕೊನೆಗೊಳಿಸುವ ಗುಂಡಿ ಸಿಗುತ್ತಿತ್ತು.

ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಅಪರಾಧದಂತೆ ಕಾಣುವುದಿಲ್ಲ. ಈ ಬಗೆಯ ರಚನೆಯ ಜಾಣತನ ಇರುವುದೇ ಅಲ್ಲಿ. ನೆನಪಿಸುತ್ತೇವೆ ಎನ್ನುವುದು ಸೌಜನ್ಯ, ರಿಯಾಯಿತಿ ಕೊಡುವುದು ಔದಾರ್ಯ, ತಡೆಹಿಡಿಯಿರಿ ಎನ್ನುವುದು ಅನುಕೂಲ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದಾಗ ಮಾತ್ರ ಅದು ಗೋಡೆಯಾಗುತ್ತದೆ. ಪ್ರತಿ ಪುಟದಲ್ಲೂ ಒಂದಷ್ಟು ಜನ ಕಡಿಮೆಯಾಗುತ್ತಾರೆ. ಮನಸ್ಸು ಬದಲಾಯಿಸಿಕೊಂಡೇ ಎಲ್ಲರೂ ಕಡಿಮೆಯಾಗುವುದಿಲ್ಲ. ಒಬ್ಬಳಿಗೆ ಕುಕ್ಕರ್ ಕೂಗುತ್ತದೆ, ಇನ್ನೊಬ್ಬಳು ಮುಗಿಯಿತು ಎಂದುಕೊಂಡು ಫೋನು ಕೆಳಗಿಡುತ್ತಾಳೆ.

ಬೆಂಗಳೂರಿನಲ್ಲಿ ಇಂಥ ಪುಟಗಳನ್ನು ವಿನ್ಯಾಸ ಮಾಡುವ ಕೆಲಸದಲ್ಲಿರುವ ನನ್ನ ಅಕ್ಕನ ಮಗಳೊಡನೆ ಇದರ ಬಗ್ಗೆ ವಾದವೇ ಆಯಿತು. "ಚಿಕ್ಕಮ್ಮ, ಮನೆಗೆ ಬಂದವರು ಹೊರಟರೆ ಇನ್ನೊಂದು ದಿನ ಇದ್ದು ಹೋಗಿ ಅನ್ನಲ್ವಾ ನೀವು? ನಾವು ಒಂದು ಮಾತು ಕೇಳಿದರೆ ತಪ್ಪೇನು?" ಎಂದಳು. ತಪ್ಪಿಲ್ಲ. ಇದ್ದು ಹೋಗಿ ಎನ್ನುವುದು ಬೇರೆ, ಹೊರಟವರ ಚಪ್ಪಲಿ ಬಚ್ಚಿಡುವುದು ಬೇರೆ ಎಂದೆ ನಾನು. ಅವಳು ನಕ್ಕಳು, ಆದರೆ ಬಿಡಲಿಲ್ಲ. ಚಪ್ಪಲಿ ಬಚ್ಚಿಟ್ಟದ್ದು ಯಾವಾಗ ಎಂದು ಹೇಳುವುದು ಹೇಗೆ? ಎಷ್ಟು ಒತ್ತು ಎಂದು ಎಣಿಸಿದರೆ ಸಾಕೇ?

ಸಾಲದು ಎಂದು ಕೊನೆಗೆ ನಾವಿಬ್ಬರೂ ಒಪ್ಪಿದೆವು. ಒಂದೇ ಪುಟದಲ್ಲಿ ಬೂದು ಅಕ್ಷರದಲ್ಲಿ ರದ್ದು ಎಂದು ಬರೆದು, ಅದರ ಪಕ್ಕ ಉಳಿಸು ಎಂಬ ದೊಡ್ಡ ಬಣ್ಣದ ಗುಂಡಿ ಇಟ್ಟರೆ ಒತ್ತು ಕಡಿಮೆಯೇ, ಮೋಸ ಹೆಚ್ಚು. ಅವಳ ಕಚೇರಿಯಲ್ಲಿ ಎಣಿಸುವುದು ಒಂದೇ ಸಂಖ್ಯೆಯನ್ನಂತೆ: ಬಿಡಲು ಬಂದವರಲ್ಲಿ ಎಷ್ಟು ಜನ ಉಳಿದರು. ನೂರು ಜನ ಬಂದು ಮೂವತ್ತು ಜನ ಉಳಿದರು ಎಂದುಕೊಳ್ಳಿ, ಮೂವತ್ತು ಜನರನ್ನು ಉಳಿಸಿಕೊಂಡೆವು ಎಂದು ಬರೆದುಕೊಳ್ಳುತ್ತಾರೆ. ರಿಯಾಯಿತಿ ಹಿಡಿಸಿ ಉಳಿದವಳೂ ದಾರಿ ತಪ್ಪಿ ಉಳಿದವಳೂ ಆ ಲೆಕ್ಕದಲ್ಲಿ ಒಂದೇ.

ಬೇರೆಮಾಡಿ ನೋಡಬೇಕಾದರೆ ಆ ಮೂವತ್ತು ಜನರ ಹಿಂದೆ ಒಂದೆರಡು ತಿಂಗಳು ಹೋಗಬೇಕು. ಅವರು ಆಮೇಲೆ ಅದನ್ನು ಬಳಸಿದರೇ? ಮೂರೇ ದಿನದಲ್ಲಿ ಮತ್ತೆ ಅದೇ ಪುಟಕ್ಕೆ ಬಂದರೇ? ಮುಂದಿನ ಹಣ ಕಡಿತವಾದ ದಿನ ಸಹಾಯವಾಣಿಗೆ ದೂರು ಕೊಟ್ಟರೇ, ಬ್ಯಾಂಕಿಗೆ ಹೋಗಿ ಇದು ನಾನು ಒಪ್ಪಿದ ಕಡಿತವಲ್ಲ ಎಂದರೇ? ನಿಜವಾಗಿ ಮನಸ್ಸು ಬದಲಾಯಿಸಿದವಳು ಮತ್ತೆ ಬಳಸತೊಡಗುತ್ತಾಳೆ. ಸೋತು ಉಳಿದವಳು ಬಳಸುವುದಿಲ್ಲ, ಹಣ ಮಾತ್ರ ಕಟ್ಟುತ್ತಾಳೆ. ಈ ಲೆಕ್ಕವೆಲ್ಲ ಕಂಪನಿಯ ಕೈಯಲ್ಲೇ ಇರುತ್ತದೆ. ಕೇಳುವವರು ಬೇಕು.

ದಾರಿ ಚಿಕ್ಕದು ಮಾಡಲು ತಾಂತ್ರಿಕವಾಗಿ ಆಗುವುದಿಲ್ಲ ಎಂಬ ನೆಪ ಈ ಕಥೆಯಲ್ಲಿ ನಿಲ್ಲುವುದಿಲ್ಲ. ನಾರ್ವೆಯ ಗ್ರಾಹಕ ಮಂಡಳಿ 2021ರ ಜನವರಿಯಲ್ಲಿ ಇದೇ ಪ್ರೈಮ್ ಚಂದಾದ ಬಗ್ಗೆ ವರದಿ ಹೊರತಂದಿತು, ಬೇರೆ ಸಂಘಟನೆಗಳೂ ದನಿಗೂಡಿಸಿದವು. ಯುರೋಪಿಯನ್ ಕಮಿಷನ್ನಿನ ಜೊತೆ ಮಾತುಕತೆಯಾಗಿ 2022ರ ಜುಲೈನಿಂದ ಯುರೋಪಿನ ಗ್ರಾಹಕರಿಗೆ ಎರಡೇ ಒತ್ತಿನಲ್ಲಿ ಚಂದಾ ನಿಲ್ಲಿಸುವ ವ್ಯವಸ್ಥೆಯನ್ನು ಕಂಪನಿ ಮಾಡಿಕೊಟ್ಟಿತು. ಅದೇ ಕಂಪನಿ, ಅದೇ ಚಂದಾ. ಅಮೆರಿಕದವರಿಗೆ ಮಾತ್ರ 2016ರಲ್ಲಿ ಶುರುವಾದ ಇಲಿಯಡ್, 2023ರ ಏಪ್ರಿಲ್‌ವರೆಗೆ, ಅಂದರೆ ಮೊಕದ್ದಮೆ ಬೀಳುವ ಸ್ವಲ್ಪ ಮುಂಚಿನವರೆಗೆ ನಡೆದೇ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ, ವಿಚಾರಣೆ ಆರಂಭವಾದ ಬೆನ್ನಿಗೇ, ತಪ್ಪನ್ನು ಒಪ್ಪಿಕೊಳ್ಳದೆ ಕಂಪನಿ ರಾಜಿಗೆ ಬಂತು: 250 ಕೋಟಿ ಡಾಲರ್. ಅದರಲ್ಲಿ 100 ಕೋಟಿ ದಂಡ, 150 ಕೋಟಿ ಗ್ರಾಹಕರಿಗೆ ವಾಪಸು. ಸೇರಿದ ದಾರಿಯಲ್ಲೇ ಸುಲಭವಾಗಿ ಬಿಡುವ ವ್ಯವಸ್ಥೆ ಇರಬೇಕೆಂಬುದೂ ಆ ರಾಜಿಯ ಷರತ್ತು.

ಹಾಗಾದರೆ ಒಳ್ಳೆಯ ಬಾಗಿಲು ಹೇಗಿರುತ್ತದೆ ಎಂದು ಅಕ್ಕನ ಮಗಳು ಕೇಳಿದಾಗ ನಾನು ಜರ್ಮನಿಯ ಕಾನೂನನ್ನು ತೋರಿಸಿದೆ. ನನಗೆ ಅದು ಮೆಚ್ಚುಗೆಯಾದದ್ದು ಅದರ ಗದ್ಯಕ್ಕಾಗಿ. 2022ರ ಜುಲೈ 1ರಿಂದ ಅಲ್ಲಿ ಅಂತರ್ಜಾಲದಲ್ಲಿ ಚಂದಾದಂಥ ಮುಂದುವರಿಯುವ ಕರಾರು ಮಾಡಿಸಿಕೊಳ್ಳುವವರು ತಮ್ಮ ಪುಟದಲ್ಲಿ ಒಂದು ಗುಂಡಿ ಇಡಲೇಬೇಕು. ಅದರ ಮೇಲೆ ಏನು ಬರೆದಿರಬೇಕು ಎಂಬುದನ್ನೂ ಕಾನೂನೇ ಹೇಳುತ್ತದೆ: "Verträge hier kündigen", ಕರಾರುಗಳನ್ನು ಇಲ್ಲಿ ಕೊನೆಗೊಳಿಸಿ. ಅಷ್ಟೇ ಸ್ಪಷ್ಟವಾದ ಬೇರೆ ಮಾತಾದರೂ ನಡೆಯುತ್ತದೆ. ಒತ್ತಿದರೆ ಒಂದು ಪುಟ: ನೀವು ಯಾರು, ಯಾವ ಕರಾರು, ಯಾವತ್ತಿನಿಂದ ನಿಲ್ಲಬೇಕು, ಖಚಿತಪಡಿಸುವ ಪತ್ರವನ್ನು ಎಲ್ಲಿಗೆ ಕಳಿಸಬೇಕು. ಅದರ ಕೆಳಗೆ ಎರಡನೆಯ ಗುಂಡಿ: "jetzt kündigen", ಈಗ ಕೊನೆಗೊಳಿಸಿ. ಒತ್ತಿದ ಕೂಡಲೇ ದಿನಾಂಕ, ಗಂಟೆ ಸಮೇತ ಲಿಖಿತ ಉತ್ತರ ಬರಬೇಕು. ಗುಂಡಿಯನ್ನೇ ಇಡದಿದ್ದರೆ, ಗ್ರಾಹಕರು ಯಾವಾಗ ಬೇಕಾದರೂ ಮುನ್ಸೂಚನೆ ಇಲ್ಲದೆ ಕರಾರನ್ನು ಮುರಿಯಬಹುದು.

ಕೊನೆಯ ಈ ಉತ್ತರವನ್ನು ವಿನ್ಯಾಸಗಾರರು ಹಗುರವಾಗಿ ಕಾಣುತ್ತಾರೆ, ನನಗೆ ಅದೇ ಮುಖ್ಯವೆನಿಸುತ್ತದೆ. ಹೊರಗೆ ಬಂದೆ ಎಂಬುದಕ್ಕೆ ಕೈಯಲ್ಲೊಂದು ಚೀಟಿ. ಅದಿಲ್ಲದೆ ಮುಂದಿನ ತಿಂಗಳು ಹಣ ಹೋದರೆ ವಾದಿಸುವುದು ಯಾವ ಆಧಾರದ ಮೇಲೆ?

ನಮ್ಮಲ್ಲಿಯೂ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ತಂತ್ರಗಳ ಪಟ್ಟಿ ಇದೆ. ಚಂದಾದ ಬೋನು ಅದರಲ್ಲೊಂದು. ರದ್ದು ಮಾಡುವುದನ್ನು ಅಸಾಧ್ಯ ಅಥವಾ ಜಟಿಲ ಮಾಡುವುದು, ರದ್ದಿನ ಆಯ್ಕೆಯನ್ನು ಮರೆಮಾಡುವುದು ಇವೆಲ್ಲ ಅದರೊಳಗೆ ಬರುತ್ತವೆ. ಬೇಡ ಎನ್ನುವವಳಿಗೆ ನಾಚಿಕೆಯಾಗುವಂತೆ ಬರೆಯುವುದೂ ಪಟ್ಟಿಯಲ್ಲಿದೆ. "ಇಲ್ಲ, ನನಗೆ ನನ್ನ ಆರೋಗ್ಯ ಮುಖ್ಯವಲ್ಲ" ಎಂದು ಗುಂಡಿಯ ಮೇಲೆ ಬರೆದು ನಮ್ಮಿಂದಲೇ ಒತ್ತಿಸುವ ಸಾಹಿತ್ಯ ಅದು.

ಇದಕ್ಕಿಂತ ಹೆಚ್ಚು ಕೈಗೆ ಸಿಗುವುದು ರಿಸರ್ವ್ ಬ್ಯಾಂಕಿನ ನಿಯಮ. 2021ರ ಅಕ್ಟೋಬರ್‌ನಿಂದ, ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ಮುನ್ನ ಸಾಮಾನ್ಯವಾಗಿ 24 ಗಂಟೆ ಮೊದಲೇ ನಮಗೆ ಸಂದೇಶ ಬರಬೇಕು, ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ಅವಕಾಶವಿರಬೇಕು. ಯುಪಿಐ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ಅದೇ ಆ್ಯಪಿನಲ್ಲಿ ಆಟೊಪೇ ಎಂಬ ಕಡೆ ಹೋಗಿ ನಿಲ್ಲಿಸಬಹುದು. ಕಂಪನಿಯ ಬಾಗಿಲು ಸಿಗದಿದ್ದಾಗ ಇದು ಹಿತ್ತಲ ಬಾಗಿಲು. ಆದರೆ ಹಿತ್ತಲ ಬಾಗಿಲಿಗೂ ಮಿತಿ ಇದೆ. ಹಣ ಹೋಗುವುದು ನಿಲ್ಲುತ್ತದೆ, ಕರಾರು ಮುಗಿಯಿತೆಂದು ಅರ್ಥವಲ್ಲ. ವರ್ಷದ ಒಪ್ಪಂದವಿದ್ದರೆ ಬಾಕಿ ಎಂದು ಕಾಗದ ಬರಬಹುದು. ಇನ್ನು ಫೋನಿನಿಂದ ಆ್ಯಪನ್ನು ಅಳಿಸಿದರೆ ಚಂದಾ ನಿಂತಿತು ಎಂದು ತಿಳಿದವರು ನಮ್ಮ ಮಹಿಳಾ ಸಮಾಜದಲ್ಲೇ ಎಷ್ಟೋ ಮಂದಿ. ನಿಲ್ಲುವುದಿಲ್ಲ.

ಅಕ್ಕನ ಮಗಳು ಈಗ ಯೋಗ ಕಲಿಸುವ ಒಂದು ಆ್ಯಪಿನ ಕೆಲಸದಲ್ಲಿದ್ದಾಳೆ. ಮೊನ್ನೆ ತಾನು ಬರೆದ ಪುಟವನ್ನು ಕಳಿಸಿದ್ದಳು. ಮೇಲೆ ಒಂದು ಸಾಲು: "ನೀವು ಕಟ್ಟಿರುವ ಹಣಕ್ಕೆ ಮಾರ್ಚ್ 14ರವರೆಗೆ ತರಗತಿಗಳು ಸಿಗುತ್ತವೆ. ಆಮೇಲೆ ಹಣ ಕಡಿತವಾಗುವುದಿಲ್ಲ." ಅದರ ಕೆಳಗೆ ಒಂದೇ ಅಳತೆಯ ಎರಡು ಗುಂಡಿಗಳು: ಚಂದಾ ನಿಲ್ಲಿಸಿ, ಹಿಂದಕ್ಕೆ ಹೋಗಿ. ಒಂದು ತಿಂಗಳು ಬಿಡುವು ಬೇಕೆ ಎಂಬ ಪ್ರಶ್ನೆ ಅದೇ ಪುಟದಲ್ಲಿ, ಒಂದೇ ಸಾಲಿನಲ್ಲಿ, ಗುಂಡಿಗಳ ದಾರಿಗೆ ಅಡ್ಡಬಾರದ ಹಾಗೆ ಇತ್ತು. ಯಾಕೆ ಬಿಡುತ್ತಿದ್ದೀರಿ ಎಂಬುದನ್ನು ಚಂದಾ ನಿಂತ ಮೇಲೆ ಕೇಳುತ್ತಾಳೆ. ಉತ್ತರಿಸದೆಯೂ ಹೋಗಬಹುದು.

ಚೆನ್ನಾಗಿದೆ ಎಂದು ಫೋನು ಮಾಡಿದೆ. ಅವಳ ಮೇಲಧಿಕಾರಿ ಆ ಪ್ರಶ್ನೆಯನ್ನು ಮೊದಲಿಗೆ ತರಬೇಕೆಂದೂ ಉತ್ತರಿಸದೆ ಮುಂದೆ ಹೋಗದಂತೆ ಮಾಡಬೇಕೆಂದೂ ಹೇಳಿದ್ದಾರಂತೆ. ಎರಡು ತಿಂಗಳ ಲೆಕ್ಕ ತೋರಿಸಲು ಅವಕಾಶ ಕೊಡಿ ಎಂದು ಇವಳು ಕೇಳಿದ್ದಾಳೆ. ಸೋಮವಾರ ಮೀಟಿಂಗು.