ಪಂಚಮಿ ಉಂಡಿ, ರಾಖಿ ಪೇಡೆ: 30 ಸೆಕೆಂಡಿನ ಒಂದು ರೇಡಿಯೊ ಜಾಹೀರಾತು

ಓಣಿಯ ಮಿಠಾಯಿ ಅಂಗಡಿಯ ರೇಡಿಯೊ ಜಾಹೀರಾತು ಅರ್ಧ ನಿಮಿಷದಲ್ಲಿ ಮೂರು ಸಂಗತಿ ತಿಳಿಸಬೇಕು: ಯಾವ ತಿನಿಸು, ಯಾವ ಹಬ್ಬಕ್ಕೆ, ಅಂಗಡಿ ಎಲ್ಲಿ. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಶ್ರಾವಣದ ವ್ಯಾಪಾರಕ್ಕೆಂದು ಕನ್ನಡ ಮತ್ತು ಹಿಂದಿಯಲ್ಲಿ ಬರೆದ ಇಲ್ಲಿನ ಮಾದರಿ ಸ್ಕ್ರಿಪ್ಟನ್ನು ಈ ಅಳತೆಯಿಂದಲೇ ನೋಡಬಹುದು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ, ಮಾರವಾಡಿ ವ್ಯಾಪಾರಿಗಳ ಮನೆಗಳೂ ಇರುವ ಊರಿನಲ್ಲಿ ಎರಡು ಭಾಷೆಯ ಜಾಹೀರಾತು ಬೇಕೆನ್ನುವುದು ಸಹಜ.

ಕನ್ನಡದ ಸ್ಕ್ರಿಪ್ಟ್ ಜೋಕಾಲಿಯ ಹಗ್ಗ ಕಿರುಗುಟ್ಟುವ ಸದ್ದಿನಿಂದ ತೊಡಗುತ್ತದೆ.

ತಂಗಿ: ಪಂಚಮಿಗೆ ಕರಿಯಾಕ ಬರಿಗೈಲೆ ಬಂದಿಯೇನಣ್ಣಾ?
ಅಣ್ಣ: ಡಬ್ಬಿ ತೆಗದು ನೋಡವ್ವಾ.
ತಂಗಿ: ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ... ಅವ್ವ ಕಟ್ಟಿದಂಗ ಅದಾವು!
ನಿರೂಪಕ: ಮೂವತ್ತೈದು ವರ್ಷಗಳಿಂದ ಶುಚಿ, ರುಚಿ, ಗುಣಮಟ್ಟಕ್ಕೆ ಹೆಸರಾದ ನಿಮ್ಮ ನೆಚ್ಚಿನ ಮಿಠಾಯಿ ಅಂಗಡಿ. ಎಲ್ಲ ಬಗೆಯ ಸಿಹಿತಿಂಡಿ, ಖಾರಾ, ಬೇಕರಿ ತಿನಿಸು ದೊರೆಯುತ್ತವೆ. ಮದುವೆ, ಮುಂಜಿವೆ, ಗೃಹಪ್ರವೇಶಗಳಿಗೆ ಆರ್ಡರ್ ತೆಗೆದುಕೊಳ್ಳಲಾಗುವುದು. (ಅಂಗಡಿಯ ಹೆಸರು, ಹತ್ತು ಅಂಕಿಯ ಫೋನ್ ನಂಬರು.)

ಮೊದಲ ಭಾಗ ಗಟ್ಟಿಯಾಗಿದೆ. ಪಂಚಮಿಗೆ ಅಣ್ಣ ತಂಗಿಯನ್ನು ತವರಿಗೆ ಕರೆಯಲು ಹೋಗುವುದು, ಜೋಕಾಲಿ ಕಟ್ಟುವುದು, ಬಗೆಬಗೆಯ ಉಂಡಿ ಹಂಚುವುದು ಉತ್ತರ ಕರ್ನಾಟಕದ ರೂಢಿ. ಆದ್ದರಿಂದ ಒಂದು ಸದ್ದು, ಒಂದು ಪ್ರಶ್ನೆಯಿಂದಲೇ ಸಂದರ್ಭ ತಿಳಿಯುತ್ತದೆ, ವಿವರಣೆ ಬೇಕಾಗುವುದಿಲ್ಲ. ಉಂಡಿಗಳ ಹೆಸರನ್ನು ಒಂದೊಂದಾಗಿ ಹೇಳಿದ್ದೂ ಸರಿ. ರೇಡಿಯೊದಲ್ಲಿ ತಿನಿಸನ್ನು ತೋರಿಸಲಾಗದು, ಹೆಸರಿನಿಂದಲೇ ಬಾಯಲ್ಲಿ ನೀರೂರಿಸಬೇಕು.

ನಿರೂಪಕ ಬಾಯಿ ತೆರೆದೊಡನೆ ಇದೆಲ್ಲ ಸಡಿಲವಾಗುತ್ತದೆ. ಶುಚಿ, ರುಚಿ, ಗುಣಮಟ್ಟ ಎಂದು ಎಲ್ಲ ಅಂಗಡಿಯವರೂ ಹೇಳಿಕೊಳ್ಳುತ್ತಾರೆ. ಉಂಡಿಯ ಆಸೆ ಹುಟ್ಟಿದ ಹೊತ್ತಿನಲ್ಲಿ ಬೇಕರಿ ತಿನಿಸು, ಗೃಹಪ್ರವೇಶದ ಮಾತು ಬಂದು ಕೇಳುಗನ ಗಮನ ಚದುರುತ್ತದೆ. ಲೆಕ್ಕವೂ ಕೂಡುವುದಿಲ್ಲ. ಸದ್ದು ಮತ್ತು ಸಂಭಾಷಣೆಗೆ ಸುಮಾರು ಹನ್ನೊಂದು ಸೆಕೆಂಡು ಹೋದರೆ, ಹತ್ತು ಅಂಕಿಗಳನ್ನು ಬಿಡಿಬಿಡಿಯಾಗಿ ಓದಲು ಇನ್ನೂ ಐದಾರು ಬೇಕು. ಉಳಿದುದರಲ್ಲಿ ನಿರೂಪಕ ಉಸಿರು ಬಿಡದೆ ಓದಬೇಕಾಗುತ್ತದೆ. ಇಷ್ಟಾಗಿಯೂ ಅಂಗಡಿಯ ಹೆಸರು ಬರುವುದು ಒಂದೇ ಸಲ, ವಿಳಾಸ ಬರುವುದೇ ಇಲ್ಲ. ಸ್ಕೂಟರ್ ಮೇಲೆ ಹೋಗುವವರು, ಅಡುಗೆಮನೆಯಲ್ಲಿರುವವರು ನಂಬರು ಬರೆದುಕೊಳ್ಳುವುದಿಲ್ಲ. ಓಣಿಯ ಅಂಗಡಿಗೆ ನಂಬರಿಗಿಂತ ಗುರುತು ಮುಖ್ಯ. ನಿರೂಪಕನ ಮಾತು ಹೀಗಿದ್ದರೆ ಸಾಕು: "ಪಂಚಮಿ ಉಂಡಿ ಕಟ್ಟಿಟ್ಟೇವಿ. (ಹೆಸರು) ಮಿಠಾಯಿ ಅಂಗಡಿ, ಬಸ್ ಸ್ಟಾಪಿನ ಎದುರಿಗೆ. ಪಂಚಮಿ ತನಕ ರಾತ್ರಿ ಹತ್ತರವರೆಗೆ. (ಹೆಸರು) ಮಿಠಾಯಿ ಅಂಗಡಿ." ಹೆಸರು ಎರಡು ಸಲ ಬರುತ್ತದೆ, ಉಸಿರಾಡಲು ಜಾಗವೂ ಉಳಿಯುತ್ತದೆ.

ಹಿಂದಿಯ ಸ್ಕ್ರಿಪ್ಟ್ ಕನ್ನಡದ್ದರ ಪಡಿಯಚ್ಚು: "ಭೈಯಾ, ಪಂಚಮೀ ಪರ್ ಮುಝೇ ಲೇನೇ ಖಾಲೀ ಹಾಥ್ ಆಯೇ ಹೋ?" ವ್ಯಾಕರಣದಲ್ಲಿ ತಪ್ಪಿಲ್ಲ, ತಪ್ಪಿರುವುದು ಹಬ್ಬದ ಆಯ್ಕೆಯಲ್ಲಿ. ಹಿಂದಿ ಮಾತಾಡುವ ಮನೆಗಳಲ್ಲಿ ನಾಗಪೂಜೆ ಇದ್ದರೂ ಉಂಡಿಯ ಸಂಭ್ರಮ ಸಾಮಾನ್ಯವಾಗಿ ಇರುವುದಿಲ್ಲ. ಅವರು ಮಿಠಾಯಿ ಕೊಳ್ಳುವುದು ಅದೇ ಶ್ರಾವಣದ ಹುಣ್ಣಿಮೆಯ ರಾಖಿಗೆ, ಅಂದರೆ ಪಂಚಮಿಯ ಹತ್ತು ದಿನಗಳ ನಂತರ. ಆ ದಿನ ರಾಖಿ ಕಟ್ಟಿದ ತಂಗಿಯೇ ಅಣ್ಣನ ಬಾಯಿಗೆ ಸಿಹಿ ಇಡುತ್ತಾಳೆ. ಡಬ್ಬಿ ಅಣ್ಣನ ಕೈಯಲ್ಲಲ್ಲ, ಅವಳ ಆರತಿ ತಟ್ಟೆಯಲ್ಲಿರಬೇಕು. ಹಿಂದಿಯನ್ನು ಹೊಸದಾಗಿ ಬರೆದರೆ ಹೀಗಾಗಬಹುದು:

ಬೆಹನ್: ರಾಖೀ ಬಂಧ್ ಗಯೀ ಭೈಯಾ, ಅಬ್ ಮುಂಹ್ ಮೀಠಾ ಕರೋ.
ಭಾಯಿ: ಧಾರವಾಡ್ ಕಾ ಪೇಡಾ? ತೋ ಏಕ್ ಔರ್!

ಅಣ್ಣತಂಗಿಯರ ಸಲಿಗೆ ಎರಡರಲ್ಲೂ ಒಂದೇ, ಆದರೆ ಹಬ್ಬ, ತಿನಿಸು, ಕೊಳ್ಳುವವರು ಬೇರೆ. ಪ್ರಸಾರದ ದಿನಗಳೂ ಬೇರೆಯಾಗಬೇಕು. ಬೆಲ್ಲದ ಉಂಡಿ ವಾರವಿಟ್ಟರೂ ಕೆಡದು, ಹಾಗಾಗಿ ಕನ್ನಡದ್ದನ್ನು ಪಂಚಮಿಗೆ ವಾರ ಮೊದಲೇ ಬಿಡಬಹುದು. ಖೋವಾದ ಪೇಡೆಯನ್ನು ಜನ ಹಬ್ಬದ ಹತ್ತಿರಕ್ಕೆ ಕೊಳ್ಳುವುದರಿಂದ ಹಿಂದಿಯದಕ್ಕೆ ರಾಖಿಯ ಹಿಂದಿನ ಮೂರ್ನಾಲ್ಕು ದಿನ ಸಾಕು. ಎರಡನ್ನೂ ಒಂದೇ ವಾರ ಬಿತ್ತರಿಸಿದರೆ ಹಿಂದಿಯ ಹಣ ಹಬ್ಬಕ್ಕೆ ಮುಂಚೆಯೇ ಖರ್ಚಾಗಿಬಿಡುತ್ತದೆ.

ಒಟ್ಟಿನಲ್ಲಿ, ಕನ್ನಡದ ಸಂಭಾಷಣೆಯನ್ನು ಇದ್ದಂತೆಯೇ ಉಳಿಸಿಕೊಳ್ಳಬಹುದು. ನಿರೂಪಕನ ಮಾತನ್ನು ಅರ್ಧಕ್ಕಿಳಿಸಬೇಕು, ಹಿಂದಿಯದನ್ನು ರಾಖಿಗೆಂದೇ ಮತ್ತೆ ಬರೆಯಬೇಕು. ಈಗಿರುವ ರೂಪದಲ್ಲಿ ಈ ಸ್ಕ್ರಿಪ್ಟ್ ಪ್ರಸಾರಕ್ಕೆ ಸಿದ್ಧವಾಗಿಲ್ಲ.