ನಿನ್ನೆಯ ನೀರು, ಇಂದಿನ ವರದಿ

ಕೆಆರ್‌ಎಸ್‌ನಂಥ ಜಲಾಶಯದ ದಿನದ ವರದಿಯಲ್ಲಿ ಅಂಕಣಗಳು ಹೆಚ್ಚಿಲ್ಲ. ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನದ ಮಟ್ಟ, ಇಷ್ಟೇ. ಬೆಳಗಿನ ಅಳತೆ ಸರ್ವರ್‌ಗೆ ಬರುತ್ತದೆ, ವರದಿಯ ತಂತ್ರಾಂಶ ಗೊತ್ತಾದ ಹೊತ್ತಿಗೆ ಅದನ್ನು ಎತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಸರ್ವರ್ ಕೈಕೊಟ್ಟರೆ ವರದಿಯನ್ನು ತಡೆಯಬಹುದು, ಜಾಗ ಖಾಲಿ ಬಿಡಬಹುದು, ಇಲ್ಲವೇ ನಿನ್ನೆ ಉಳಿಸಿಟ್ಟ ಅಂಕಿಯನ್ನು ‘ಹಳೆಯದು’ ಎಂದು ಗುರುತು ಹಾಕಿ ಕೊಡಬಹುದು. ಮೂರನೆಯ ದಾರಿ ನನಗೆ ಒಪ್ಪಿಗೆ. ಆದರೆ ಎಲ್ಲ ಅಂಕಣಕ್ಕೂ ಒಂದೇ ಗುರುತು ಅಂಟಿಸಿ ಕೈತೊಳೆದುಕೊಳ್ಳುವ ಕ್ರಮವನ್ನು ಒಪ್ಪಲಾರೆ.

ಲೆಕ್ಕ ಹಾಕಿ ನೋಡೋಣ. ಮುಂಗಾರು ಜೋರಾದ ಒಂದು ದಿನ ಒಳಹರಿವು 30,000 ಕ್ಯೂಸೆಕ್, ಹೊರಹರಿವು 5,000 ಇದೆ ಎಂದುಕೊಳ್ಳಿ. ಉಳಿಯುವುದು 25,000. ಇದೇ ಪ್ರಮಾಣ ದಿನವಿಡೀ ಮುಂದುವರಿದರೆ ಜಲಾಶಯಕ್ಕೆ 2.16 ಟಿಎಂಸಿ ನೀರು ಸೇರುತ್ತದೆ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯವೇ 49.45 ಟಿಎಂಸಿ. ತುಂಬುವ ಹಂತದಲ್ಲಿರುವ ಅಣೆಕಟ್ಟೆಗೆ ಇಷ್ಟು ನೀರು ಬಂದರೆ ಮಟ್ಟ ಒಂದು ಅಡಿಗೂ ಹೆಚ್ಚು ಏರುತ್ತದೆ. ಗರಿಷ್ಠ ಮಟ್ಟ 124.80 ಅಡಿಗೆ ಹತ್ತಿರವಿರುವಾಗ ಗೇಟು ಎತ್ತಬೇಕೋ ಬೇಡವೋ ಎಂಬುದು ಆ ಒಂದು ಅಡಿಯ ಮೇಲೆ ನಿಂತಿರುತ್ತದೆ. ಅದೇ ಏಪ್ರಿಲ್‌ನಲ್ಲಿ ಒಳಹರಿವು 200, ಹೊರಹರಿವು 3,000 ಇದ್ದರೆ ದಿನಕ್ಕೆ ಇಳಿಯುವುದು ಕಾಲು ಟಿಎಂಸಿಗಿಂತ ಕಡಿಮೆ. ಆಗ ಎರಡು ದಿನ ಹಳೆಯ ಮಟ್ಟವನ್ನು ಕೊಟ್ಟರೂ ಓದುಗ ದಾರಿ ತಪ್ಪುವುದಿಲ್ಲ. ಅಂದರೆ ಅಂಕಿ ಎಷ್ಟು ಗಂಟೆ ಹಳೆಯದು ಎಂಬುದಕ್ಕಿಂತ ಅಷ್ಟು ಗಂಟೆಯಲ್ಲಿ ಎಷ್ಟು ಬದಲಾಗಿರಬಹುದು ಎಂಬುದು ಮುಖ್ಯ. ಆ ಅಂದಾಜು ಹಾಕಲು ಬೇಕಾದ ಹರಿವು ನಿನ್ನೆಯ ಸಾಲಿನಲ್ಲೇ ಇರುತ್ತದೆ.

ಹೊರಹರಿವಿನ ಮಾತೇ ಬೇರೆ. ಮಟ್ಟ ಏರಲು ನೀರು ಬಂದು ಸೇರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹೊರಹರಿವು ಗೇಟು ಎತ್ತಿದ ಕೂಡಲೇ ಹಲವು ಪಟ್ಟು ಆಗಬಲ್ಲದು. ಕೆಳಗೆ ರಂಗನತಿಟ್ಟಿನ ದೋಣಿ ಇದೆ, ಶ್ರೀರಂಗಪಟ್ಟಣದ ಸ್ನಾನಘಟ್ಟವಿದೆ. ಅಲ್ಲಿರುವವರಿಗೆ ನಿನ್ನೆಯ ‘5,000 ಕ್ಯೂಸೆಕ್’ ಎಷ್ಟೇ ದೊಡ್ಡ ಗುರುತು ಹೊತ್ತು ಬಂದರೂ ಅಪಾಯವೇ, ಏಕೆಂದರೆ ಕಣ್ಣು ಮೊದಲು ಅಂಕಿಯನ್ನೇ ಓದುತ್ತದೆ. ಮಳೆಗಾಲದಲ್ಲಿ ಈ ಅಂಕಣವನ್ನು ಖಾಲಿ ಬಿಟ್ಟು ‘ಮಾಹಿತಿ ಬಂದಿಲ್ಲ’ ಎಂದು ಬರೆಯುವುದೇ ಸರಿ.

ಗುರುತಿನೊಳಗಿನ ಸಮಯ ಯಾವುದು ಎಂಬಲ್ಲೂ ಎಡವುವವರು ಬಹಳ. ವೆಬ್‌ನಲ್ಲಿ ಉಳಿಸಿಟ್ಟ ಹಳೆಯ ಪ್ರತಿಯನ್ನು ಕೊಡುವ ಪದ್ಧತಿಗೆ 2010ರ ಆರ್‌ಎಫ್‌ಸಿ 5861 ಒಂದು ವ್ಯವಸ್ಥೆ ಮಾಡಿಕೊಟ್ಟಿತು:

```
Cache-Control: max-age=3600, stale-if-error=86400
```

ಉಳಿಸಿಟ್ಟ ಪ್ರತಿ ಒಂದು ಗಂಟೆ ತಾಜಾ, ಆಮೇಲೆ ಮೂಲ ಕೆಟ್ಟರೆ ಇನ್ನೊಂದು ದಿನ ಅದನ್ನೇ ಕೊಡಬಹುದು ಎಂದು ಇದರ ಅರ್ಥ. ಜೊತೆಗೆ ಬರುವ `Age` ಎಂಬ ಅಂಕಿ ಪ್ರತಿಯ ವಯಸ್ಸನ್ನು ಹೇಳುತ್ತದೆ, ನೀರಿನ ಅಳತೆಯ ವಯಸ್ಸನ್ನಲ್ಲ. ಅಣೆಕಟ್ಟೆಯಿಂದ ಇವತ್ತಿನ ಅಳತೆ ಬಾರದೆ, ಸರ್ವರ್ ನಿನ್ನೆಯದನ್ನೇ ಹೊಸ ಪುಟವಾಗಿ ಕೊಟ್ಟರೆ `Age` ಸೊನ್ನೆ ಆಗಿರುತ್ತದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೂಲ ‘ಸಿಗುತ್ತಿದೆ’, ಆದರೆ ಅಂಕಿ ಹಳಸಿದೆ. ಇದನ್ನು ಹಿಡಿಯುವ ಒಂದು ದಾರಿ ಒಳಹರಿವನ್ನು ನೋಡುವುದು. ಮಳೆಗಾಲದಲ್ಲಿ ಎರಡು ದಿನ ಬಿಡಿ ಅಂಕಿಯವರೆಗೂ ಒಂದೇ ಒಳಹರಿವು ಬರುವುದು ತೀರಾ ಅಪರೂಪ. ಬಂದರೆ ಅದು ನಕಲು ಎಂದೇ ಶಂಕಿಸಬೇಕು. ಆದ್ದರಿಂದ ಗುರುತಿನಲ್ಲಿ ಅಳತೆ ತೆಗೆದ ದಿನ, ಗಂಟೆ ಇರಬೇಕು, ಅಂಕಿಯನ್ನು ತಂದ ಗಂಟೆಯಲ್ಲ.

ಪುಟದ ತಲೆಯಲ್ಲಿ ಕೆಂಪಕ್ಷರದ ಸಾಲು ಹಾಕಿದರೆ ಸಾಕು ಎನ್ನುವವರಿದ್ದಾರೆ. ಓದುವವರು ತಮಗೆ ಬೇಕಾದ ಒಂದು ಸಾಲನ್ನು ಕತ್ತರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಕೆಂಪು ಸಾಲು ಅಲ್ಲಿಗೆ ಹೋಗುವುದಿಲ್ಲ. ‘121.40 ಅಡಿ (ನಿನ್ನೆ ಬೆಳಿಗ್ಗೆ 8)’ ಎಂದು ಅಂಕಿಯ ಮೈಗೇ ಗುರುತು ಹತ್ತಿರಬೇಕು.

ಇದಕ್ಕಿಂತ ಕೆಟ್ಟದ್ದು ಲೆಕ್ಕದೊಳಗೆ ನಡೆಯುತ್ತದೆ. ನಿನ್ನೆಯ ಮಟ್ಟವನ್ನೇ ಇಂದಿಗೂ ಇಟ್ಟರೆ ‘ನಿನ್ನೆಗಿಂತ ವ್ಯತ್ಯಾಸ’ ಎಂಬ ಅಂಕಣ ತಾನಾಗಿ ಸೊನ್ನೆ ಆಗುತ್ತದೆ. ಏನೂ ಗೊತ್ತಿಲ್ಲ ಎಂಬುದು ಏನೂ ಬದಲಾಗಿಲ್ಲ ಎಂದಾಗಿಬಿಡುತ್ತದೆ. ಇನ್ನು ಕಾವೇರಿ ಕೊಳ್ಳದ ಮೊತ್ತ: ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ. ವಯನಾಡಿನಲ್ಲಿ ಮಳೆ ಸುರಿದರೆ ಕಬಿನಿ ಬೇಗ ತುಂಬುತ್ತದೆ, ಹಾಗಾಗಿ ಅದರ ಅಂಕಿ ಒಂದು ದಿನ ಹಿಂದುಳಿದರೂ ನಾಲ್ಕರ ಮೊತ್ತ ನಿನ್ನೆಯದೂ ಅಲ್ಲ, ಇಂದಿನದೂ ಅಲ್ಲ. ಅಂಥ ದಿನ ಮೂರರ ಮೊತ್ತವನ್ನಷ್ಟೇ ಕೊಟ್ಟು, ಕಬಿನಿಯನ್ನು ಅದರ ಅಳತೆಯ ಸಮಯದೊಂದಿಗೆ ಬೇರೆ ಸಾಲಿನಲ್ಲಿ ಇಡಬೇಕು. ಉಳಿಸಿಟ್ಟ ಅಂಕಿ ವರದಿಯ ಪುಟಕ್ಕಷ್ಟೇ ಹೋಗಬೇಕು, ದಾಖಲೆಯ ಕೋಷ್ಟಕಕ್ಕೆ ಹೋಗಬಾರದು. ಅಲ್ಲಿ ಬರೆದುಬಿಟ್ಟರೆ ಮುಂದಿನ ವರ್ಷ ‘ಕಳೆದ ವರ್ಷ ಇದೇ ದಿನ’ ಎಂಬ ಅಂಕಣದಲ್ಲಿ ಅದು ಯಾವ ಗುರುತೂ ಇಲ್ಲದೆ ಬಂದು ಕೂರುತ್ತದೆ.