ಸರಾಸರಿಯ ಹಿಂದಿನ ಪ್ರಶ್ನೆ

ಗೂಗಲ್ ಸರ್ಚ್ ಕನ್ಸೋಲ್ ವರದಿಯಲ್ಲಿ ನನಗೆ ತುಂಬ ಇಷ್ಟವಾಗುವುದು, ಓದುಗರು ಟೈಪ್ ಮಾಡಿದ ಮಾತು ಅವರದೇ ಪದಗಳಲ್ಲಿ ಕಾಣುವುದು. ಆದರೆ ಇಡೀ ತಾಣದ ಸರಾಸರಿ ಸ್ಥಾನದಿಂದ ಓದು ಶುರುಮಾಡಬಾರದು. ಹೊಸ ಹುಡುಕಾಟಗಳಲ್ಲಿ ನಿಮ್ಮ ಪುಟ ಅರವತ್ತನೆಯದಾಗಿ ಕಾಣಿಸತೊಡಗಿದರೂ ಆ ಸರಾಸರಿ ಕುಸಿಯುತ್ತದೆ. ನಿಜಕ್ಕೂ ಅದು ಬೆಳವಣಿಗೆ.

ಮೊದಲು ಒಂದೇ ಪುಟವನ್ನು ಆರಿಸಿ, ಆಮೇಲೆ ಅದರ ಹುಡುಕಾಟಗಳನ್ನು ಇಂಪ್ರೆಷನ್ ಪ್ರಕಾರ ಜೋಡಿಸಿ ನೋಡಬೇಕು. ಅಕ್ಕಿ ರೊಟ್ಟಿ ಮಾಡುವ ವಿಧಾನದ ಪುಟವಿದೆ ಎನ್ನಿ. 'ಅಕ್ಕಿ ರೊಟ್ಟಿ ಗಟ್ಟಿಯಾಗುವುದೇಕೆ' ಎಂಬ ಹುಡುಕಾಟಕ್ಕೆ ಮೂರು ತಿಂಗಳಲ್ಲಿ 900 ಇಂಪ್ರೆಷನ್, 4 ಕ್ಲಿಕ್, ಸರಾಸರಿ ಸ್ಥಾನ 14. ಪುಟದಲ್ಲಿ ಅದಕ್ಕೆ ಉತ್ತರ ಒಂದೇ ಸಾಲು. ಬೇರೆ ಬರಹಕ್ಕೆ ಯೋಗ್ಯವಾದ ಪ್ರಶ್ನೆ ಹೀಗೇ ಕಾಣುವುದು: ಕೇಳುವವರು ಬಹಳ, ಗೂಗಲ್ ನಿಮ್ಮನ್ನು ಎರಡನೇ ಪುಟದವರೆಗೆ ತಂದಿದೆ, ಹೇಳಬೇಕಾದದ್ದು ಮಾತ್ರ ಬಾಕಿ.

ಬರೆಯುವ ಮುನ್ನ ಅದೇ ಪ್ರಶ್ನೆಯನ್ನು ನೀವೇ ಹುಡುಕಿ. ಮೇಲಿನ ಫಲಿತಾಂಶಗಳೆಲ್ಲ ಮಾಮೂಲಿ ರೊಟ್ಟಿ ವಿಧಾನಗಳೇ ಆಗಿದ್ದರೆ ಹಳೆಯ ಪುಟಕ್ಕೇ ಒಂದು ಭಾಗ ಸೇರಿಸುವುದು ಜಾಣತನ. ಹಿಟ್ಟು, ನೀರಿನ ಬಿಸಿ, ಉರಿಯ ಬಗ್ಗೆಯೇ ಬರೆದ ಪುಟಗಳಿದ್ದರೆ ಹೊಸ ಬರಹವೇ ಸರಿ. ಹಳೆಯ ಪುಟದಿಂದ ಅದಕ್ಕೊಂದು ಕೊಂಡಿ ಕೊಡಿ.

ಕೆಲವು ವಾರಗಳ ನಂತರ ಆ ಹುಡುಕಾಟವನ್ನೇ ಆರಿಸಿ ಪುಟಗಳ ಪಟ್ಟಿ ತೆರೆಯಿರಿ. ಇಂಪ್ರೆಷನ್ ಎರಡೂ ಪುಟಗಳಿಗೆ ಹಂಚಿಹೋಗಿ, ಎರಡೂ ಮೇಲೇರದಿದ್ದರೆ, ಅವೆರಡೂ ಒಂದೇ ಮಾತು ಹೇಳುತ್ತಿರಬಹುದು.